ಕೊಠಡಿ ಬಾಡಿಗೆಯ ಮಿತಿ ಐಸಿಯುಗೂ ಅನ್ವಯಿಸುತ್ತದೆಯೇ? ಪಾಲಿಸಿ ಮತ್ತು ಬಿಲ್ಲನ್ನು ಹೋಲಿಸಿ ಲೆಕ್ಕ ಹಾಕುವ ಬಗೆ

ಗದಗ ಇಲ್ಲವೇ ಹಾವೇರಿ ಜಿಲ್ಲೆಯ ಊರೊಂದರಿಂದ ರೋಗಿಯನ್ನು ರಾತ್ರೋರಾತ್ರಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ತಂದು ಐಸಿಯುಗೆ ಸೇರಿಸಿದ ಮನೆಯವರು ಮರುದಿನ ವಿಮೆಯ ಕೌಂಟರಿನ ಮುಂದೆ ನಿಂತು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ನಮ್ಮ ಪಾಲಿಸಿಯೊಳಗ ರೂಮಿಗೆ ದಿನಕ್ಕ ಮೂರು ಸಾವಿರ ಅಂತ ಐತ್ರಿ, ಐಸಿಯು ಒಂಬತ್ತು ಸಾವಿರ ಅಂತೀರಿ, ಉಳಿದ ಆರು ಸಾವಿರ ನಾವೇ ಕಟ್ಟಬೇಕೇನ್ರಿ?"

ಹೆಚ್ಚಿನ ಪಾಲಿಸಿಗಳಲ್ಲಿ ಐಸಿಯುಗೆ ಕೊಠಡಿಯ ಮಿತಿ ಅನ್ವಯಿಸುವುದಿಲ್ಲ. ಅದಕ್ಕೆ ತನ್ನದೇ ಆದ ಬೇರೆ ಮಿತಿ ಇರುತ್ತದೆ, ಇಲ್ಲವೇ ಮಿತಿಯೇ ಇರುವುದಿಲ್ಲ. ಆದರೆ ಕ್ಲೇಮು ಇತ್ಯರ್ಥವಾಗುವ ಹಾಳೆಯಲ್ಲಿ ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹಣ ಕಡಿತ ಮಾಡಿರುವ ಸಂದರ್ಭಗಳು ಇರುತ್ತವೆ. ಆ ಗಂಟು ಪಾಲಿಸಿಯ ಷರತ್ತಿನಿಂದಲೇ ಬಂದದ್ದೋ ಅಥವಾ ಲೆಕ್ಕ ಹಾಕಿದವರ ತಪ್ಪಿನಿಂದ ಬಂದದ್ದೋ ಎಂಬುದನ್ನು ಮನೆಯವರೇ ಕಾಗದ ಹಿಡಿದು ಪತ್ತೆ ಮಾಡಬಹುದು.

ಮೊದಲು ಪಾಲಿಸಿಯ ಸಾಲನ್ನು ಹುಡುಕಿ

ಪಾಲಿಸಿ ಪುಸ್ತಿಕೆಯ ಆರಂಭದಲ್ಲಿರುವ ಷೆಡ್ಯೂಲ್ ಹಾಳೆಯಲ್ಲಿ ಅಥವಾ ಸೌಲಭ್ಯಗಳ ಪಟ್ಟಿಯಲ್ಲಿ 'ರೂಮ್ ರೆಂಟ್' ಎಂಬ ಸಾಲು ಇರುತ್ತದೆ. ಅದರ ಕೆಳಗೆ ಅಥವಾ ಪಕ್ಕದಲ್ಲಿ 'ಐಸಿಯು/ಐಸಿಸಿಯು' ಎಂಬ ಪ್ರತ್ಯೇಕ ಸಾಲು ಇದೆಯೇ ಎಂದು ನೋಡಬೇಕು. ಹಳೆಯ ಮಾದರಿಯ ಮೆಡಿಕ್ಲೇಮ್ ಪಾಲಿಸಿಗಳಲ್ಲಿ ಕೊಠಡಿಗೆ ದಿನಕ್ಕೆ ವಿಮಾ ಮೊತ್ತದ ಶೇ 1 ಮತ್ತು ಐಸಿಯುಗೆ ಶೇ 2 ಎಂಬ ಕ್ರಮವೇ ಹೆಚ್ಚು. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುತ್ತಿರುವ 'ಆರೋಗ್ಯ ಸಂಜೀವಿನಿ' ಎಂಬ ಏಕರೂಪದ ಪಾಲಿಸಿಯಲ್ಲಿ ಕೊಠಡಿಗೆ ಶೇ 2, ಗರಿಷ್ಠ 5,000 ರೂಪಾಯಿ ಎಂದೂ, ಐಸಿಯುಗೆ ಶೇ 5, ಗರಿಷ್ಠ 10,000 ರೂಪಾಯಿ ಎಂದೂ ಬೇರೆ ಬೇರೆಯಾಗಿ ನಿಗದಿಯಾಯಿತು. ಇನ್ನು ಕೆಲವು ಪಾಲಿಸಿಗಳಲ್ಲಿ ಕೊಠಡಿಗೆ 'ಸಿಂಗಲ್ ಪ್ರೈವೇಟ್ ರೂಮ್' ಎಂದು ದರ್ಜೆಯನ್ನಷ್ಟೇ ಹೇಳಿ, ಐಸಿಯುಗೆ ಆದ ವೆಚ್ಚವನ್ನು ಪೂರ್ತಿ ಕೊಡುತ್ತಾರೆ.

ಶೇಕಡಾವಾರು ಮಿತಿಯಿದ್ದರೆ ಅದು ಯಾವ ಮೊತ್ತದ ಮೇಲಿನ ಶೇಕಡಾ ಎಂಬುದನ್ನೂ ಓದಬೇಕು. ಕ್ಲೇಮು ಮಾಡದ ವರ್ಷಗಳಿಗೆ ಬೋನಸ್ ಸೇರಿ 3 ಲಕ್ಷದ ಪಾಲಿಸಿ 4 ಲಕ್ಷವಾಗಿದ್ದರೂ, ಹಲವು ಪಾಲಿಸಿಗಳಲ್ಲಿ ದಿನದ ಮಿತಿಯನ್ನು ಮೂಲ 3 ಲಕ್ಷದ ಮೇಲೆಯೇ ಎಣಿಸಲಾಗುತ್ತದೆ.

ಐಸಿಯುಗೆ ಪ್ರತ್ಯೇಕ ಸಾಲು ಇಲ್ಲದೆ, 'ಐಸಿಯು ಸೇರಿದಂತೆ ಕೊಠಡಿ ಬಾಡಿಗೆ' ಎಂದು ಒಂದೇ ಅಂಕಿ ಬರೆದಿದ್ದರೆ ಮಾತ್ರ ಮೇಲಿನ ಪ್ರಶ್ನೆಗೆ ಉತ್ತರ 'ಹೌದು' ಎಂದಾಗುತ್ತದೆ. ಅಂಥ ಪಾಲಿಸಿ ಕೈಯಲ್ಲಿದ್ದರೆ ಮುಂದಿನ ನವೀಕರಣದ ಹೊತ್ತಿಗೆ ಅದನ್ನು ಬದಲಿಸುವ ಯೋಚನೆ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಐಸಿಯು ಶುಲ್ಕದೊಳಗೆ ಏನೇನು ಸೇರುತ್ತದೆ

ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ರೂಪಿಸಿದ ಏಕರೂಪದ ವ್ಯಾಖ್ಯೆಯ ಪ್ರಕಾರ, ಐಸಿಯು ಶುಲ್ಕ ಎಂದರೆ ಬರೀ ಹಾಸಿಗೆಯ ದರವಲ್ಲ. ಹಾಸಿಗೆ, ಮಾನಿಟರ್ ಮುಂತಾದ ನಿಗಾ ಉಪಕರಣಗಳು, ಅಲ್ಲಿನ ವಿಶೇಷ ಶುಶ್ರೂಷೆ ಮತ್ತು ಐಸಿಯುವನ್ನೇ ನೋಡಿಕೊಳ್ಳುವ ಇಂಟೆನ್ಸಿವಿಸ್ಟ್ ವೈದ್ಯರ ಶುಲ್ಕ ಎಲ್ಲವೂ ಅದರಲ್ಲೇ ಅಡಕವಾಗಿವೆ. ಹೀಗಾಗಿ ಆಸ್ಪತ್ರೆಯವರು ಹಾಸಿಗೆಗೆ 5,000, ಮಾನಿಟರಿಗೆ 1,000, ಇಂಟೆನ್ಸಿವಿಸ್ಟ್‌ಗೆ 2,000 ರೂಪಾಯಿ ಎಂದು ಬಿಡಿಸಿ ಬರೆದರೂ, ವಿಮಾ ಕಂಪನಿ ಅವನ್ನು ಕೂಡಿಸಿ 8,000 ಎಂದು ಹಿಡಿದು ತನ್ನ ಐಸಿಯು ಮಿತಿಯೊಂದಿಗೆ ಹೋಲಿಸಬಹುದು. ಹೊರಗಿನಿಂದ ಬಂದು ನೋಡಿ ಹೋಗುವ ಹೃದ್ರೋಗ ತಜ್ಞರ ಭೇಟಿ ಶುಲ್ಕ, ಔಷಧಿ ಹಾಗೂ ರಕ್ತಪರೀಕ್ಷೆಗಳು ಈ ಮಿತಿಯೊಳಗೆ ಬರುವುದಿಲ್ಲ.

ಅನುಪಾತದ ಕಡಿತ ಎಲ್ಲಿ ನಿಲ್ಲಬೇಕು

ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಮಿತಿಗಿಂತ ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲ, ಕೊಠಡಿಯ ದರ್ಜೆಗೆ ತಕ್ಕಂತೆ ಏರುವ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕ ಮುಂತಾದವನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಇದನ್ನೇ ಅನುಪಾತದ ಕಡಿತ ಎನ್ನುವುದು. 2020ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಬೇಲಿ ಹಾಕಿತು: ಔಷಧಿ ಮತ್ತು ಬಳಕೆ ಸಾಮಗ್ರಿ, ದೇಹದೊಳಗೆ ಅಳವಡಿಸುವ ಇಂಪ್ಲಾಂಟ್ ಮತ್ತು ವೈದ್ಯಕೀಯ ಸಾಧನಗಳು ಹಾಗೂ ರೋಗಪತ್ತೆಯ ಪರೀಕ್ಷೆಗಳ ಮೇಲೆ ಈ ಕಡಿತ ಮಾಡುವಂತಿಲ್ಲ. ಕೊಠಡಿಯ ದರ್ಜೆ ನೋಡಿ ದರ ಬದಲಿಸದ ಆಸ್ಪತ್ರೆಗಳ ಬಿಲ್ಲಿಗೂ, ಬದಲಿಸುವ ಆಸ್ಪತ್ರೆಗಳಲ್ಲೇ ಹಾಗೆ ಬದಲಾಗದ ವೆಚ್ಚಗಳಿಗೂ ಇದು ಅನ್ವಯಿಸದು. ಐಸಿಯು ಶುಲ್ಕವನ್ನಂತೂ ಅನುಪಾತದಲ್ಲಿ ಕಡಿಯುವಂತೆಯೇ ಇಲ್ಲ. ಐಸಿಯುನಲ್ಲಿ ಕೊಠಡಿಗಳಂತೆ ಬೇರೆ ಬೇರೆ ದರ್ಜೆಗಳಿಲ್ಲ ಎಂಬುದೇ ಮಾರ್ಗಸೂಚಿ ಕೊಟ್ಟ ಕಾರಣ. ಉಸಿರಾಟದ ತೊಂದರೆಯಿಂದ ಬಂದವರು ಡೀಲಕ್ಸ್ ಐಸಿಯು ಬೇಕೆಂದು ಆರಿಸಿಕೊಂಡು ಮಲಗುವುದಿಲ್ಲವಲ್ಲ.

ಐಸಿಯುಗೆ ದಿನದ ಮಿತಿ ಹಾಕುವುದು ಮತ್ತು ಐಸಿಯು ಶುಲ್ಕವನ್ನು ಅನುಪಾತದಲ್ಲಿ ಕಡಿಯುವುದು ಎರಡೂ ಬೇರೆ ಸಂಗತಿಗಳು ಎಂಬುದನ್ನು ಮರೆಯಬಾರದು. ಪಾಲಿಸಿಯಲ್ಲಿ ಬರೆದಿದ್ದರೆ ಮೊದಲನೆಯದು ಸರಿಯಾದದ್ದೇ.

ಬಿಲ್ಲನ್ನು ದಿನಗಳಾಗಿ ಒಡೆದು ಲೆಕ್ಕ ಹಾಕುವುದು

ಲೆಕ್ಕ ಸುಲಭವಾಗಲೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಂಡರಗಿಯ ಕಿರಾಣಿ ವ್ಯಾಪಾರಿಯೊಬ್ಬರಿಗೆ 3 ಲಕ್ಷ ರೂಪಾಯಿಯ ಪಾಲಿಸಿ ಇದೆ. ಕೊಠಡಿಗೆ ಶೇ 1, ಅಂದರೆ ದಿನಕ್ಕೆ 3,000. ಐಸಿಯುಗೆ ಶೇ 2, ಅಂದರೆ ದಿನಕ್ಕೆ 6,000. ನ್ಯುಮೋನಿಯಾದಿಂದ ಹುಬ್ಬಳ್ಳಿಯಲ್ಲಿ 3 ದಿನ ಐಸಿಯುನಲ್ಲಿದ್ದರು, ಅದರ ದರ ದಿನಕ್ಕೆ 9,000. ಆಮೇಲೆ 4 ದಿನ ದಿನಕ್ಕೆ 5,000 ರೂಪಾಯಿಯ ಕೊಠಡಿಯಲ್ಲಿದ್ದರು. ತಜ್ಞರ ಭೇಟಿ ಶುಲ್ಕ ಐಸಿಯು ದಿನಗಳಲ್ಲಿ ಒಟ್ಟು 6,000, ಕೊಠಡಿಯ ದಿನಗಳಲ್ಲಿ ಒಟ್ಟು 6,000. ಔಷಧಿ ಮತ್ತು ಸಾಮಗ್ರಿಗೆ 58,000, ಪರೀಕ್ಷೆಗಳಿಗೆ 33,000. ಒಟ್ಟು ಬಿಲ್ಲು 1,50,000 ರೂಪಾಯಿ.

ಮೊದಲು ಐಸಿಯು: ಮಿತಿಯಂತೆ 3 ದಿನಕ್ಕೆ 18,000 ಸಿಗುತ್ತದೆ, ಮನೆಯವರ ಪಾಲು 9,000. ನಂತರ ಕೊಠಡಿ: 4 ದಿನಕ್ಕೆ 12,000 ಸಿಗುತ್ತದೆ, ಮನೆಯವರ ಪಾಲು 8,000. ಅನುಪಾತವನ್ನು ಕೊಠಡಿಯಿಂದ ಮಾತ್ರ ತೆಗೆಯಬೇಕು: 5,000ಕ್ಕೆ 3,000, ಅಂದರೆ ಶೇ 60. ಕೊಠಡಿಯ ದಿನಗಳ ಭೇಟಿ ಶುಲ್ಕ ಕೊಠಡಿಯ ದರ್ಜೆಗೆ ತಕ್ಕಂತೆ ಏರಿದ್ದರೆ 6,000ದಲ್ಲಿ 3,600 ಸಿಗುತ್ತದೆ. ಐಸಿಯು ದಿನಗಳ ಭೇಟಿ ಶುಲ್ಕ ಎಲ್ಲ ರೋಗಿಗಳಿಗೂ ಒಂದೇ ಆಗಿದ್ದರೆ ಅದು ಕೊಠಡಿಯ ದರ್ಜೆಯಿಂದ ಏರಿದ್ದಲ್ಲ, ಆದ್ದರಿಂದ ಪೂರ್ತಿ 6,000 ಸಿಗಬೇಕು. ಔಷಧಿಯ 58,000 ಮತ್ತು ಪರೀಕ್ಷೆಯ 33,000 ಕೂಡ ಪೂರ್ತಿ. ಪಾಲಿಸಿಯಡಿ ಕೊಡಲಾಗದ ಸಾಮಗ್ರಿಗಳಾಗಲಿ, ಬಿಲ್ಲಿನ ಒಂದು ಪಾಲನ್ನು ಪಾಲಿಸಿದಾರರೇ ಕಟ್ಟಬೇಕೆಂಬ ಸಹಪಾವತಿಯ ಷರತ್ತಾಗಲಿ ಇಲ್ಲ ಎಂದುಕೊಂಡರೆ ಒಟ್ಟು 1,30,600 ರೂಪಾಯಿ ವಿಮೆಯಿಂದ ಬರಬೇಕು. ಮನೆಯವರು ಕಟ್ಟಬೇಕಾದದ್ದು 19,400.

ಈಗ ತಪ್ಪು ಲೆಕ್ಕ ಹೇಗಿರುತ್ತದೆ ನೋಡಿ. ಐಸಿಯುಗೂ ಕೊಠಡಿಯ 3,000ದ ಮಿತಿ ಹಿಡಿದು 9,000 ಮಾತ್ರ ಕೊಟ್ಟು, ಕೊಠಡಿಗೆ 12,000 ಕೊಟ್ಟು, ಉಳಿದ 1,03,000 ರೂಪಾಯಿಯನ್ನು ಒಟ್ಟಾಗಿ ಶೇ 60ಕ್ಕೆ ಇಳಿಸಿದರೆ 61,800 ಆಗುತ್ತದೆ. ಮೂರನ್ನೂ ಕೂಡಿಸಿದರೆ 82,800. ಸರಿಯಾದ ಲೆಕ್ಕಕ್ಕಿಂತ 47,800 ಕಡಿಮೆ. ಇದರಲ್ಲಿ ಐಸಿಯು ಮಿತಿಯನ್ನು ತಪ್ಪಾಗಿ ಹಿಡಿದದ್ದರಿಂದ ಆದ ನಷ್ಟ 9,000. ಉಳಿದ 38,800 ಔಷಧಿ, ಪರೀಕ್ಷೆ ಮತ್ತು ಶುಲ್ಕಗಳನ್ನು ಬೇಕಾಬಿಟ್ಟಿ ಕಡಿದದ್ದರಿಂದ ಆದದ್ದು. ಇತ್ಯರ್ಥದ ಹಾಳೆಯಲ್ಲಿ ಔಷಧಿಯ ಸಾಲಿನ ಎದುರು ಬಾಡಿಗೆಯ ಪ್ರಮಾಣದಲ್ಲೇ ಕಡಿತ ಕಂಡರೆ, ಇಲ್ಲವೇ ಐಸಿಯು ಸಾಲಿನ ಮೊತ್ತ ಕೊಠಡಿಯ ಮಿತಿಯನ್ನು ದಿನಗಳಿಂದ ಗುಣಿಸಿದಷ್ಟೇ ಇದ್ದರೆ, ಈ ತಪ್ಪು ನಡೆದಿದೆ ಎಂದು ತಿಳಿಯಬೇಕು.

ಆಸ್ಪತ್ರೆಯಲ್ಲಿರುವಾಗಲೇ ಎಚ್ಚರ ವಹಿಸಬೇಕಾದ ಎರಡು ಕಡೆ

ಐಸಿಯುನಿಂದ ಹೊರತಂದ ರೋಗಿಯನ್ನು ಕೊಠಡಿಗೆ ಕಳಿಸುವ ಮೊದಲು ಒಂದೆರಡು ದಿನ, ಐಸಿಯುಗಿಂತ ಕಡಿಮೆ ಆದರೆ ವಾರ್ಡಿಗಿಂತ ಹೆಚ್ಚಿನ ನಿಗಾ ಇರುವ 'ಎಚ್‌ಡಿಯು' ಎಂಬ ಘಟಕದಲ್ಲಿ ಇಡುವ ಪದ್ಧತಿ ದೊಡ್ಡ ಆಸ್ಪತ್ರೆಗಳಲ್ಲಿದೆ. ವ್ಯಾಖ್ಯೆಯ ಪ್ರಕಾರ ಐಸಿಯು ಎನಿಸಿಕೊಳ್ಳಲು ಅದಕ್ಕೇ ಮೀಸಲಾದ ವೈದ್ಯರ ಸತತ ಮೇಲ್ವಿಚಾರಣೆ, ಗಂಭೀರ ಸ್ಥಿತಿಯಲ್ಲಿರುವ ರೋಗಿಗಳಿಗೆ ಬೇಕಾದ ನಿಗಾ ಉಪಕರಣ ಮತ್ತು ಸಾಮಾನ್ಯ ವಾರ್ಡಿಗಿಂತ ಬಹಳ ಮೇಲ್ಮಟ್ಟದ ಆರೈಕೆ ಇರಬೇಕು. ಎಚ್‌ಡಿಯುವನ್ನು ವಿಮಾ ಕಂಪನಿ ಕೊಠಡಿ ಎಂದು ಎಣಿಸಿದರೆ, 6,000ದ ಹಾಸಿಗೆ 3,000ದ ಮಿತಿಯ ಎದುರು ನಿಂತು ಅನುಪಾತ ಶೇ 50ಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಎಚ್‌ಡಿಯುನಲ್ಲಿ ಇರಿಸಿದ ವೈದ್ಯಕೀಯ ಕಾರಣವನ್ನೂ, ಅಲ್ಲಿ ನೀಡಿದ ಆರೈಕೆಯ ಸ್ವರೂಪವನ್ನೂ ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆಯುವಂತೆ ವೈದ್ಯರನ್ನು ಕೋರಿಕೊಳ್ಳಬೇಕು.

ಎರಡನೆಯದು ದೂರದ ಊರಿನವರಿಗೆ ಹೆಚ್ಚು ತಟ್ಟುವಂಥದ್ದು. ರೋಗಿ ಐಸಿಯುನಲ್ಲಿರುವಾಗ ಮನೆಯವರ ವಸತಿಗೆಂದು ಕೊಠಡಿಯನ್ನೂ ಇಟ್ಟುಕೊಂಡರೆ, ಅದೇ ದಿನಗಳಿಗೆ ಎರಡು ಬಾಡಿಗೆ ಬೀಳುತ್ತದೆ. ರೋಗಿ ಮಲಗದ ಕೊಠಡಿಯ ಬಾಡಿಗೆ ವಿಮೆಯಿಂದ ಬರುವುದಿಲ್ಲ. ಅದು ರೋಗಿಯ ಬಿಲ್ಲಿನೊಳಗೇ ಸೇರಿದ್ದರೆ ಅನುಪಾತದ ಲೆಕ್ಕವೂ ಕೆಡಬಹುದು. ಆ ದಿನಗಳಿಗೆ ಬೇರೆ ರಸೀದಿ ಮಾಡಿಸಿಕೊಳ್ಳುವುದು, ಇಲ್ಲವೇ ಹೊರಗೆ ಲಾಡ್ಜಿನಲ್ಲಿ ಉಳಿಯುವುದು ಮೇಲು.

ಕಡಿತ ತಪ್ಪೆಂದು ಕಂಡಾಗ

ಡಿಸ್ಚಾರ್ಜ್ ಹೊತ್ತಿಗೆ ಬರುವ ಅಂತಿಮ ಮಂಜೂರಾತಿ ಪತ್ರದಲ್ಲಿ ಸಾಲುವಾರು ಕಡಿತ ಮತ್ತು ಅದರ ಕಾರಣ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಪಡೆಯಬೇಕು. ಕೊಠಡಿಯ ದರ್ಜೆಗೆ ತಕ್ಕಂತೆ ಯಾವ ಶುಲ್ಕಗಳು ಬದಲಾಗುತ್ತವೆ ಎಂಬುದನ್ನು ತೋರಿಸುವ ಆಸ್ಪತ್ರೆಯ ದರಪಟ್ಟಿಯ ಪ್ರತಿಯನ್ನು ಬಿಲ್ಲಿಂಗ್ ವಿಭಾಗದಿಂದ ತೆಗೆದುಕೊಂಡರೆ ವಾದಕ್ಕೆ ಬಲ ಬರುತ್ತದೆ. ರೋಗಿಯನ್ನು ಮನೆಗೆ ಕರೆದೊಯ್ಯುವ ಅವಸರದಲ್ಲಿ ವ್ಯತ್ಯಾಸದ ಹಣ ಕಟ್ಟಿದರೂ ಮರುಪರಿಶೀಲನೆ ಕೇಳುವ ದಾರಿ ಮುಚ್ಚಿಹೋಗುವುದಿಲ್ಲ.

ಕಂಪನಿಯ ಪರವಾಗಿ ಕ್ಲೇಮುಗಳನ್ನು ಪರಿಶೀಲಿಸುವ ಟಿಪಿಎ ಎಂಬ ಮಧ್ಯವರ್ತಿ ಸಂಸ್ಥೆಗೆ ಮಾತ್ರ ಬರೆದು ಸುಮ್ಮನಾಗದೆ ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತವಾಗಿ ದೂರು ಕೊಡಬೇಕು. ಮೇಲಿನ ಮಾದರಿಯಲ್ಲಿ ಐಸಿಯು ದಿನ, ಕೊಠಡಿಯ ದಿನ ಎಂದು ಬೇರ್ಪಡಿಸಿದ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು, ಪಾಲಿಸಿಯ ಸಂಬಂಧಿತ ಪುಟದ ಪ್ರತಿಯೊಂದಿಗೆ ಲಗತ್ತಿಸಬೇಕು. ಕಂಪನಿ ದೂರನ್ನು ತಳ್ಳಿಹಾಕಿದರೆ ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.