ಲಾಭವಿದ್ದೂ ತೆರಿಗೆ ಸೊನ್ನೆಯೇ? ಮ್ಯಾಟ್ ಲೆಕ್ಕ ಹಾಕುವುದು ಹೀಗೆ

ಷೇರುದಾರರಿಗೆ ತೋರಿಸಲು ಕೋಟಿಗಟ್ಟಲೆ ಲಾಭ, ಆದಾಯ ತೆರಿಗೆಗೆ ಬಂದಾಗ ಸವಕಳಿ, ರಿಯಾಯಿತಿ, ಹಳೆಯ ನಷ್ಟ ಎಲ್ಲ ಕಳೆದು ಸೊನ್ನೆ. ಇಂಥ ಕಂಪನಿಗಳನ್ನು ಹಿಡಿಯಲು 1987ರಲ್ಲಿ ಬಂದು, ನಡುವೆ ಕೆಲವು ವರ್ಷ ಕೈಬಿಟ್ಟು, 1996ರಲ್ಲಿ ಮರಳಿದ್ದು ಕನಿಷ್ಠ ಪರ್ಯಾಯ ತೆರಿಗೆ, ಅಂದರೆ ಮ್ಯಾಟ್. ಮಾಮೂಲಿ ತೆರಿಗೆ ಬುಕ್ ಪ್ರಾಫಿಟ್‌ನ, ಅಂದರೆ ಕಂಪನಿಯ ಪುಸ್ತಕದ ಲಾಭಕ್ಕೆ ಕಾನೂನು ಹೇಳಿದ ಕೂಡು-ಕಳೆ ಮಾಡಿ ಬರುವ ಮೊತ್ತದ, ಶೇ 15ಕ್ಕಿಂತ ಕಡಿಮೆಯಾದರೆ ಆ ಶೇ 15 ಕಟ್ಟಬೇಕು. ಮೇಲೆ ಸರ್ಚಾರ್ಜ್, ಸೆಸ್. ಇಲ್ಲಿರುವುದು 2024-25ನೇ ಹಣಕಾಸು ವರ್ಷದ, 115ಜೆಬಿ ಸೆಕ್ಷನ್ನಿನ ಲೆಕ್ಕ.

ಉದಾಹರಣೆಗೆ ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದ, ಶೇ 25ರ ದರಕ್ಕೆ ಬರುವ ಒಂದು ತಯಾರಿಕಾ ಕಂಪನಿ. ವರ್ಷದ ಆರಂಭದಲ್ಲೇ 12 ಕೋಟಿಯ ಹೊಸ ಯಂತ್ರ ಓಡಿಸಿದೆ. ತೆರಿಗೆಗೆ ಮೊದಲಿನ ಲಾಭ 5.80 ಕೋಟಿ.

ಮೊದಲು ಮಾಮೂಲಿ ತೆರಿಗೆ. ಕಂಪನಿ ಕಾಯ್ದೆಯಂತೆ ಯಂತ್ರದ ಆಯಸ್ಸು 15 ವರ್ಷ, ಹಾಗಾಗಿ ಪುಸ್ತಕದಲ್ಲಿ ಸವಕಳಿ 76 ಲಕ್ಷ. ಆದಾಯ ತೆರಿಗೆಯಲ್ಲಿ ಶೇ 15ರ ಜೊತೆ ಹೆಚ್ಚುವರಿ ಶೇ 20 ಸಿಕ್ಕು 4.20 ಕೋಟಿ. ಲಾಭಕ್ಕೆ 20 ಲಕ್ಷದ ಸಂಶಯಾಸ್ಪದ ಸಾಲದ ಪ್ರಾವಿಷನ್ ಮತ್ತು ಪುಸ್ತಕದ ಸವಕಳಿ ಕೂಡಿಸಿ, 4.20 ಕೋಟಿ ಕಳೆದರೆ 2.56 ಕೋಟಿ. ತೆರಿಗೆ ಲೆಕ್ಕದ ಹಳೆಯ ನಷ್ಟ 2.16 ಕೋಟಿ ಹೋದರೆ ಉಳಿಯುವುದು 40 ಲಕ್ಷ. ತೆರಿಗೆ 10 ಲಕ್ಷ, ಸೆಸ್ ಸೇರಿ 10.40 ಲಕ್ಷ.

ನಂತರ ಬುಕ್ ಪ್ರಾಫಿಟ್. ಶುರು ಮಾಡಬೇಕಾದದ್ದು ತೆರಿಗೆ ಕಳೆದ ನಂತರದ ಲಾಭದಿಂದ, ಇಲ್ಲಿ 4.80 ಕೋಟಿ. ಆದಾಯ ತೆರಿಗೆ, ಮುಂದೂಡಿದ ತೆರಿಗೆ ಸೇರಿ 1 ಕೋಟಿ ಮತ್ತೆ ಕೂಡಿಸಿ. 5.80 ಕೋಟಿಗೆ ಬಂದು ನಿಂತರೆ ಸರಿ. ನೇರವಾಗಿ 5.80ರಿಂದಲೇ ಹೊರಡುವ ಅಡ್ಡದಾರಿ ತಾಳೆ ನೋಡಲಷ್ಟೇ ಲಾಯಕ್ಕು. ಬುಕ್ ಪ್ರಾಫಿಟ್ ಲೆಕ್ಕದ ವರದಿಯಾದ ಫಾರ್ಮ್ 29ಬಿ ತುಂಬುವಾಗ ಒಂದೊಂದು ಸಾಲೂ ಬೇಕು. ಸಂಶಯಾಸ್ಪದ ಸಾಲದ 20 ಲಕ್ಷವನ್ನೂ ಕೂಡಿಸಿ: 6 ಕೋಟಿ. ಪ್ರಾವಿಷನ್ ಹೊಣೆಗಾರಿಕೆಯ ಕಡೆ ಪ್ರತ್ಯೇಕ ನಿಂತಿದ್ದರೆ ಮಾತ್ರ ಹೀಗೆ. ಬ್ಯಾಲೆನ್ಸ್ ಶೀಟಿನ ಬಾಕಿದಾರರ ಮೊತ್ತದಿಂದಲೇ ಕಳೆದಿದ್ದರೆ ಅದು ರೈಟ್-ಆಫ್‌ಗೆ ಸಮ ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಸವಕಳಿಯನ್ನು ಕೂಡಿಸಿ ಮತ್ತೆ ಕಳೆಯುವುದರಿಂದ ವ್ಯತ್ಯಾಸವಿಲ್ಲ, ಆಸ್ತಿಯ ಮರುಮೌಲ್ಯಮಾಪನ ಮಾಡಿರದಿದ್ದರೆ.

ಎಡವುವ ಜಾಗ ಹಳೆಯ ನಷ್ಟ. ಬ್ಯಾಲೆನ್ಸ್ ಶೀಟಿನಲ್ಲಿ 2 ಕೋಟಿ ಸಂಚಿತ ನಷ್ಟವಿದೆ ಎನ್ನಿ. ಅದನ್ನು ಇಡಿಯಾಗಿ ಕಳೆದುಬಿಡುವವರೇ ಹೆಚ್ಚು. ಕೈಯಿಂದ ಕೈಗೆ ದಾಟುವ ಎಕ್ಸೆಲ್ ಹಾಳೆಗಳಲ್ಲೂ ಇದೇ ಸೂತ್ರ ಕೂತಿರುತ್ತದೆ. ಅಂಥ ಹಾಳೆ ಕಂಡರೆ ಅಳಿಸಿ ಹಾಕಿ. ಕಾನೂನು ಬಿಡುವುದು ಎರಡರಲ್ಲಿ ಕಡಿಮೆಯದನ್ನು ಮಾತ್ರ: ಪುಸ್ತಕದ ಪ್ರಕಾರ ಸವಕಳಿ ಬಿಟ್ಟು ಉಳಿದ ನಷ್ಟ, ಅಥವಾ ಹೊಂದಾಣಿಕೆಯಾಗದ ಸವಕಳಿ. ಆದ್ದರಿಂದ ನಷ್ಟವಾದ ವರ್ಷದ ಲಾಭ-ನಷ್ಟ ಪಟ್ಟಿ ತೆಗೆದು 2 ಕೋಟಿಯನ್ನು ಒಡೆಯಬೇಕು. ಇಲ್ಲಿ ಸವಕಳಿಗೆ ಮುಂಚಿನ ನಷ್ಟ 1.50 ಕೋಟಿ, ಸವಕಳಿ 50 ಲಕ್ಷ. ಕಳೆಯಬಹುದಾದ್ದು 50 ಲಕ್ಷ. ಅಂದು ಸವಕಳಿಗೆ ಮುಂಚೆ ನಷ್ಟವೇ ಇರದೆ, ಇಡೀ 2 ಕೋಟಿ ಸವಕಳಿಯಿಂದಲೇ ಬಂದಿದ್ದರೆ ಒಂದು ಬದಿ ಸೊನ್ನೆ, ಕಳೆಯುವುದೂ ಸೊನ್ನೆ. ತೆರಿಗೆ ರಿಟರ್ನ್‌ನಲ್ಲಿರುವ 2.16 ಕೋಟಿಯನ್ನಂತೂ ಇಲ್ಲಿಗೆ ತರಲೇಬೇಡಿ, ಅದರ ಲೆಕ್ಕವೇ ಬೇರೆ. ಇದೇ 50 ಲಕ್ಷವನ್ನು ಮುಂದಿನ ವರ್ಷ ಮತ್ತೆ ಕಳೆಯುವಂತೆಯೂ ಇಲ್ಲ, ಈ ವರ್ಷದ ಲಾಭ ಹಳೆಯ ನಷ್ಟವನ್ನು ಪೂರ್ತಿ ನುಂಗಿದೆ.

ಬುಕ್ ಪ್ರಾಫಿಟ್ 5.50 ಕೋಟಿ. ಶೇ 15ಕ್ಕೆ 82.50 ಲಕ್ಷ, 7% ಸರ್ಚಾರ್ಜ್, 4% ಸೆಸ್ ಸೇರಿ 91.81 ಲಕ್ಷ. 10.40 ಲಕ್ಷಕ್ಕಿಂತ ಇದು ಹೆಚ್ಚು, ಕಟ್ಟಬೇಕಾದ್ದು ಇದನ್ನೇ. 2 ಕೋಟಿ ಕಳೆದಿದ್ದರೆ ಸುಮಾರು 25 ಲಕ್ಷ ಕಡಿಮೆ ಬಿದ್ದು, ಮುಂಗಡ ತೆರಿಗೆ ಕೊರತೆಯ ಬಡ್ಡಿ ತಿಂಗಳಿಗೆ ಶೇ 1ರಂತೆ ಏರುತ್ತದೆ. ಮ್ಯಾಟ್‌ಗೂ ಮುಂಗಡ ತೆರಿಗೆ ಉಂಟು ಎಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಇತ್ಯರ್ಥ ಮಾಡಿದೆ.

ಸಿಎ ಸಹಿಯ ಫಾರ್ಮ್ 29ಬಿ ರಿಟರ್ನ್ ಗಡುವಿಗೆ ಒಂದು ತಿಂಗಳು ಮುಂಚೆ ಸಲ್ಲಬೇಕು.

ಕ್ರೆಡಿಟ್. ಮಾಮೂಲಿ ತೆರಿಗೆಗಿಂತ ಹೆಚ್ಚಾಗಿ ಕಟ್ಟಿದ 81.41 ಲಕ್ಷ ಆ ವರ್ಷದ ನಿಯಮದಂತೆ 15 ವರ್ಷ ಮುಂದೆ ಸಾಗುತ್ತದೆ, ಬಡ್ಡಿಯಿಲ್ಲದೆ. ಅದನ್ನು ಬಳಸುವುದು ಮಾಮೂಲಿ ತೆರಿಗೆ ಮ್ಯಾಟ್‌ಗಿಂತ ಎಷ್ಟು ಹೆಚ್ಚೋ ಅಷ್ಟಕ್ಕೆ ಮಾತ್ರ: ಒಂದು ವರ್ಷ ಮಾಮೂಲಿ ತೆರಿಗೆ 1.30 ಕೋಟಿ, ಮ್ಯಾಟ್ 1 ಕೋಟಿ ಬಂದರೆ 30 ಲಕ್ಷ. ಶೇ 22ರ ಹೊಸ ಪದ್ಧತಿಯಾದ 115ಬಿಎಎಗೆ ಹೊರಳಿದರೆ ಮ್ಯಾಟ್ ಕಾಟವಿಲ್ಲ, ಆದರೆ ಇದೇ ನಿಯಮದಡಿ ಉಳಿದ ಕ್ರೆಡಿಟ್ ಕೈಬಿಟ್ಟಂತೆ. ಒಮ್ಮೆ ಆಯ್ದುಕೊಂಡರೆ ಹಿಂದಿರುಗುವಂತಿಲ್ಲ. ಕ್ರೆಡಿಟ್ ಎಷ್ಟು ವರ್ಷದಲ್ಲಿ ಕರಗೀತು ಎಂದು ಲೆಕ್ಕ ಹಾಕುವವರೆಗೆ ಆ ಆಯ್ಕೆಯ ಫಾರ್ಮ್ 10-ಐಸಿ ಮುಟ್ಟಬೇಡಿ.