ಅಮ್ಮ ಹೊರಟ ಮೇಲಿನ ಐದು ನಿಮಿಷ

ಶಿಶುಪಾಲನಾ ಕೇಂದ್ರದಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ನನ್ನನ್ನು ಪೋಷಕರು ಮತ್ತೆ ಮತ್ತೆ ಕೇಳುವುದು ಇದನ್ನೇ: ನಮ್ಮನ್ನು ಬಿಗಿಯಾಗಿ ತಬ್ಬಿ ಬಿಕ್ಕಿದ ಮಗು ಐದು ನಿಮಿಷಕ್ಕೆಲ್ಲ ಆಡತೊಡಗಿತೆಂದರೆ, ಆ ಅಳು ಬರೀ ಹಟವೇ?

ಹಟವಲ್ಲ. ಸುಮಾರು ಎಂಟು ತಿಂಗಳಿನ ಹೊತ್ತಿಗೆ, ಕಣ್ಮರೆಯಾದ ತಾಯಿ ಬೇರೆಲ್ಲೋ ಇದ್ದಾಳೆಂಬುದು ಮಗುವಿಗೆ ತಿಳಿಯತೊಡಗುತ್ತದೆ. ಅವಳು ಯಾವಾಗ ಬರುತ್ತಾಳೆಂಬುದು ಮಾತ್ರ ತಿಳಿಯದು. ಅಳುವುದೂ ಅಂಟಿಕೊಳ್ಳುವುದೂ ಆಸರೆಯಾದವರನ್ನು ಹತ್ತಿರ ಉಳಿಸಿಕೊಳ್ಳುವ ಉಪಾಯಗಳೆಂದು ಮನೋವೈದ್ಯ ಜಾನ್ ಬೌಲ್ಬಿ ವಿವರಿಸಿದ್ದರು. ಆದ್ದರಿಂದಲೇ ತಾಯಿ ಬಾಗಿಲಲ್ಲಿ ನಿಂತಿರುವಷ್ಟು ಹೊತ್ತು ಅಳು ಏರುತ್ತದೆ, ಅವಳು ಹೋದ ಮೇಲೆ ಆ ಕರೆಯನ್ನು ಕೇಳಬೇಕಾದವರೇ ಅಲ್ಲಿರುವುದಿಲ್ಲ. ಆದರೂ ಮಗು ತಾನಾಗಿ ಸಮಾಧಾನಗೊಳ್ಳುವುದು ಕಷ್ಟ. ಪರಿಚಯದ ಇನ್ನೊಂದು ಮಡಿಲು ಸಿಕ್ಕರೆ ಮಾತ್ರ ನಿಮಿಷಗಳಲ್ಲಿ ಶಾಂತವಾಗುತ್ತದೆ.

ಹದಿನಾಲ್ಕು ತಿಂಗಳ ಒಬ್ಬ ಹುಡುಗಿಯ ತಾಯಿ, ಮಗಳು ಅತ್ತಾಗಲೆಲ್ಲ ಬಾಗಿಲಿನಿಂದ ಮರಳಿ ಬರುತ್ತಿದ್ದರು. ಜೋರಾಗಿ ಅತ್ತರೆ ಅಮ್ಮ ಬರುತ್ತಾಳೆಂದು ಮಗು ಕಲಿತಿತ್ತು. ಮೊದಲು ತಾಯಿಯನ್ನೇ ಕೋಣೆಯಲ್ಲಿ ಕೂರಿಸಿಕೊಂಡು, ಮಗು ತಾನಾಗಿ ನನ್ನ ಕೈಗೆ ಆಟಿಕೆ ತಂದುಕೊಡುವವರೆಗೆ ಕಾದೆ. ಆಮೇಲೆ ಬೀಳ್ಕೊಡುವ ಕ್ರಮವನ್ನು ನಿಗದಿ ಮಾಡಿದೆವು: ಚೀಲ ಇಡುವುದು, ಒಮ್ಮೆ ಅಪ್ಪಿಕೊಳ್ಳುವುದು, "ನೀನು ಮಲಗಿ ಎದ್ದ ಮೇಲೆ ಬರ್ತೀನಿ" ಎನ್ನುವುದು, ನನ್ನ ತೋಳಿಗೆ ಕೊಟ್ಟು ಹೊರಡುವುದು. ಕಣ್ತಪ್ಪಿಸಿ ಹೋಗುವುದಕ್ಕೆ ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಮಗು ಮನೆಯಲ್ಲೂ ತಾಯಿಯನ್ನು ಕಾವಲು ಕಾಯತೊಡಗುತ್ತದೆ.

ಅವರು ಹೋದ ಕೂಡಲೇ ನಾನು ಗಿಲಕಿ ಆಡಿಸುವುದಿಲ್ಲ, "ಅಳಬೇಡ" ಎನ್ನುವುದೂ ಇಲ್ಲ. "ಅಮ್ಮ ಹೋದಳು, ಬೇಜಾರಾಯ್ತು ಅಲ್ವಾ" ಎಂದು ಎತ್ತಿಕೊಂಡಿರುತ್ತೇನೆ. ಬಿಕ್ಕುಗಳ ನಡುವಿನ ಅಂತರ ಹೆಚ್ಚಿ, ಮಗುವಿನ ಕಣ್ಣು ಕೋಣೆಯತ್ತ ಹೊರಳಿದಾಗ ನೀರಿನ ಬೋಗುಣಿಯ ಬಳಿ ಕೂರಿಸುತ್ತೇನೆ. ಅದಕ್ಕಿಂತ ಮುಂಚೆ ಕೊಟ್ಟ ಆಟಿಕೆಯನ್ನು ಅದು ಎಸೆಯುತ್ತದೆ.

ಅಳು ನಿಂತಿತೆಂದಷ್ಟಕ್ಕೇ ನೆಮ್ಮದಿ ಬಂತೆಂದಲ್ಲ. ಹೊಸದಾಗಿ ಸೇರಿದ ಮಕ್ಕಳಲ್ಲಿ ಅಳು ಅಡಗಿದ ಮೇಲೂ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಾಗಿಯೇ ಇರಬಹುದೆಂದು ಅಧ್ಯಯನಗಳು ತೋರಿಸಿವೆ. ಹಾಗಾಗಿ ಮಗು ತಿನ್ನುತ್ತದೆಯೇ, ಬಿದ್ದಾಗ ನನ್ನ ಬಳಿ ಬರುತ್ತದೆಯೇ ಎಂದು ಗಮನಿಸುತ್ತೇನೆ. ಚೀಲ ಹಿಡಿದು ಒಂದೇ ಮೂಲೆಯಲ್ಲಿ ಮಂಕಾಗಿ ಕೂರುವ ಮಗು ಶಾಂತವಾಗಿಲ್ಲ. ಅಂಥ ಮಗುವಿನ ಅವಧಿಯನ್ನು ಕಡಿಮೆ ಮಾಡಲು ಪೋಷಕರಿಗೆ ಹೇಳುತ್ತೇನೆ, ವಾರಗಳು ಕಳೆದರೂ ಹಾಗೆಯೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಲು ಸೂಚಿಸುತ್ತೇನೆ. ಸಂಜೆ ತಾಯಿಯನ್ನು ಕಂಡೊಡನೆ ಮತ್ತೆ ಅತ್ತರೆ ಅದನ್ನು ದಿನವೆಲ್ಲ ಅತ್ತ ಗುರುತೆಂದು ನಾನು ಎಣಿಸುವುದಿಲ್ಲ. ಆ ಹುಡುಗಿ ನನ್ನ ತೋಳಿಗೆ ಬರುವಾಗ ಆಮೇಲೂ ಬಹಳ ಕಾಲ ಅಳುತ್ತಿದ್ದಳು. ಬೋಗುಣಿಯ ಬಳಿಗೆ ಮಾತ್ರ ತಾನೇ ಇಳಿದು ಹೋಗುತ್ತಿದ್ದಳು.