ನಿಧಿ ಬೇಟೆಯ ಗುಪ್ತ ಹೆಸರುಗಳು: ಪಿಸುಗುಟ್ಟಿದರೂ ಕೇಳಬೇಕು, ಕೇಳಿದರೂ ತಿಳಿಯಬಾರದು

ಬೇಸಿಗೆ ರಜೆಗೆ ಮಂಡ್ಯದ ಹಳ್ಳಿಯಲ್ಲಿರುವ ಅಜ್ಜಿಯ ಮನೆಗೆ ಬಂದ ಮಕ್ಕಳು ಎರಡು ತಂಡಗಳಾಗಿ ನಿಧಿ ಬೇಟೆ ಆಡುತ್ತಾರೆ ಎಂದುಕೊಳ್ಳೋಣ. ತುಳಸಿ ಕಟ್ಟೆ, ಕೊಟ್ಟಿಗೆ, ಹುಣಸೆ ಮರ, ಹುಲ್ಲಿನ ಮೆದೆ ಎಂಬ ನಾಲ್ಕು ತಾಣಗಳಿಗೆ ಒಂದು ತಂಡವು ತನ್ನೊಳಗೇ ಗುಪ್ತ ಹೆಸರುಗಳನ್ನು ಇಟ್ಟುಕೊಳ್ಳಬೇಕು. ತಾಣಗಳನ್ನು ಆರಿಸುವುದು ಹಿರಿಯರ ಕೆಲಸ. ನಾಲೆಯ ದಂಡೆ, ಸಂಪಿನ ಮುಚ್ಚಳ, ಒಲೆ ಉರಿಯುತ್ತಿರುವ ಆಲೆಮನೆ ಇವು ಎಷ್ಟೇ ಆಕರ್ಷಕವಾಗಿದ್ದರೂ ಪಟ್ಟಿಯಲ್ಲಿ ಇರಕೂಡದು.

ಹೆಸರುಗಳನ್ನೆಲ್ಲ ಒಂದೇ ಗುಂಪಿನಿಂದ ಆರಿಸಿದರೆ ನೆನಪಿಡುವುದು ಸುಲಭ. ತಿಂಡಿಗಳ ಗುಂಪು ಇದಕ್ಕೆ ಚೆನ್ನಾಗಿ ಒದಗುತ್ತದೆ, ಏಕೆಂದರೆ ಮಕ್ಕಳು ತಿಂಡಿಯ ಮಾತಾಡಿದರೆ ಎದುರು ತಂಡಕ್ಕೆ ಅನುಮಾನ ಬರುವುದಿಲ್ಲ. ತಾಣಕ್ಕೂ ತಿಂಡಿಗೂ ಒಂದು ನಂಟು ಇರಬೇಕು, ಆದರೆ ಅದು ಯಾರಿಗಾದರೂ ಥಟ್ಟನೆ ಹೊಳೆಯುವಂಥದ್ದಾಗಿರಬಾರದು. ಕೊಟ್ಟಿಗೆಗೆ ‘ಹಾಲು’ ಎಂದೋ ಹುಣಸೆ ಮರಕ್ಕೆ ‘ಪುಳಿಯೋಗರೆ’ ಎಂದೋ ಇಟ್ಟರೆ ಗುಟ್ಟು ಮೊದಲ ಸುತ್ತಿನಲ್ಲೇ ರಟ್ಟಾಗುತ್ತದೆ. ಬದಲಿಗೆ ಆಕಾರವನ್ನು ಹಿಡಿಯಬೇಕು. ಚೌಕಾಕಾರದ ತುಳಸಿ ಕಟ್ಟೆ ಮೈಸೂರು ಪಾಕಿನ ತುಂಡಿನಂತಿರುವುದರಿಂದ ಅದು ‘ಪಾಕು’ ಆಗಲಿ; ಬಾಗಿದ ಹುಣಸೆ ಕಾಯಿಯಿಂದಾಗಿ ಮರವು ‘ಕೋಡುಬಳೆ’ ಆಗಲಿ; ಗೋಡೆಗೆ ತಟ್ಟಿದ ಬೆರಣಿಯಿಂದಾಗಿ ಕೊಟ್ಟಿಗೆಯು ‘ಒಬ್ಬಟ್ಟು’ ಆಗಲಿ. ಈ ಕೊನೆಯ ಹೋಲಿಕೆಗೆ ಹಿರಿಯರು ಮುಖ ಸಿಂಡರಿಸಬಹುದು, ಆದರೆ ಮಕ್ಕಳು ಮರೆಯದೆ ಇಟ್ಟುಕೊಳ್ಳುವುದು ಇಂಥವನ್ನೇ.

ಹುಲ್ಲಿನ ಮೆದೆಗೆ ಹೆಸರು ಹುಡುಕುವಾಗ ಪಿಸುಮಾತಿನ ಸ್ವಭಾವವನ್ನು ಗಮನಿಸಬೇಕಾಗುತ್ತದೆ. ಪಿಸುಗುಟ್ಟುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದಿಲ್ಲ. ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ಇವುಗಳ ನಡುವಣ ಮುಖ್ಯ ವ್ಯತ್ಯಾಸ ಆ ಕಂಪನವೇ ಆದ್ದರಿಂದ, ‘ಪುಟ್ಟಿ’ ಮತ್ತು ‘ಬುಟ್ಟಿ’, ‘ಕರಿ’ ಮತ್ತು ‘ಗರಿ’ ಕಿವಿಗೆ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಮ ಮತ್ತು ನ ಕೂಡ ಮಂಕಾಗುವುದರಿಂದ ‘ಮಲ್ಲಿ’ ಎಂದರೂ ‘ನಲ್ಲಿ’ ಎಂದರೂ ತಿಳಿಯುವುದು ಕಷ್ಟ. ಸ, ಶ ಇವುಗಳ ಕಥೆ ಬೇರೆ. ಸ್ವರಗಳೆಲ್ಲ ತಗ್ಗಿದ ಮೇಲೂ ಇವುಗಳ ಸುಯ್ಯೆನ್ನುವ ಸದ್ದು ಉಳಿದು, ಬೇಡದ ಕಿವಿಗೂ ಬೀಳುತ್ತದೆ. ಆದ್ದರಿಂದ ಎಳೆ ಎಳೆಯಾದ ಹುಲ್ಲಿಗೆ ‘ಶಾವಿಗೆ’ ಎಂಬ ಹೆಸರು ಸುಂದರವಾಗಿ ಒಪ್ಪಿದರೂ ಅದನ್ನು ಬಿಡಬೇಕು. ‘ಮುದ್ದೆ’ ಎನ್ನೋಣವೆಂದರೆ ಅದು ‘ಮೆದೆ’ ಎಂಬ ನಿಜ ಹೆಸರನ್ನೇ ಹೋಲುತ್ತದೆ. ಹುಲ್ಲು ಭತ್ತದ್ದು, ಭತ್ತದಿಂದ ಆಗುವುದು ಅವಲಕ್ಕಿ. ‘ಅವಲಕ್ಕಿ’ ಎಂದೇ ಇಡಬಹುದು.

ಪಿಸುಮಾತಿನಲ್ಲೂ ಕೆಡದೆ ಉಳಿಯುವುದು ಹೆಸರಿನ ನಡೆ. ಎಷ್ಟು ಅಕ್ಷರ, ಯಾವುದು ದೀರ್ಘ, ಎಲ್ಲಿ ಒತ್ತಕ್ಷರ ಎಂಬುದು ಕಾಲದ ಅಳತೆಗೆ ಸೇರಿದ್ದು, ಕಂಪನವಿಲ್ಲದಿದ್ದರೂ ಅದು ತಿಳಿಯುತ್ತದೆ. ನಮ್ಮ ಪಟ್ಟಿಯಲ್ಲಿ ‘ಪಾಕು’ ಎರಡು ಅಕ್ಷರದ್ದು, ‘ಒಬ್ಬಟ್ಟು’ ಮೂರರದ್ದು. ಉಳಿದೆರಡು ಹೆಸರುಗಳಲ್ಲಿ ನಾಲ್ಕು ನಾಲ್ಕು ಅಕ್ಷರಗಳಿದ್ದರೂ, ಶಾಲೆಯಲ್ಲಿ ಕಲಿತ ಲಘು ಗುರುಗಳನ್ನು ಹಾಕಿ ನೋಡಿದರೆ ‘ಕೋಡುಬಳೆ’ಯಲ್ಲಿ ಗುರು ಮೊದಲಿಗೇ ಬರುತ್ತದೆ, ‘ಅವಲಕ್ಕಿ’ಯಲ್ಲಿ ಮೂರನೆಯದಾಗಿ ಬರುತ್ತದೆ. ಹಾಗಾಗಿ ಒಂದನ್ನು ಇನ್ನೊಂದೆಂದು ತಪ್ಪು ತಿಳಿಯುವ ಸಂಭವ ಕಡಿಮೆ.

ಆಟಕ್ಕೆ ಮೊದಲು ಒಂದು ಪರೀಕ್ಷೆ ನಡೆಸಬೇಕು. ಹೇಳುವವರು ಗಂಟಲಿನ ಮೇಲೆ ಬೆರಳಿಟ್ಟುಕೊಳ್ಳಲಿ. ಬೆರಳಿಗೆ ಕಂಪನ ತಿಳಿದರೆ ಅದು ಬರಿಯ ಮೆಲುದನಿ, ಪಿಸುಮಾತಲ್ಲ. ಕೇಳುವವರು ಮೂರು ನಾಲ್ಕು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ಹೆಸರು ಕೇಳಿದೊಡನೆ ಆಯಾ ತಾಣದತ್ತ ಕೈ ತೋರಿಸಲಿ. ತುಟಿಯ ಚಲನೆಯೇ ಅರ್ಧ ಹೇಳಿಬಿಡುವುದರಿಂದ ಬೆನ್ನು ತಿರುಗಿಸುವುದು ಮುಖ್ಯ. ಎರಡು ಹೆಸರುಗಳು ಮತ್ತೆ ಮತ್ತೆ ಅದಲುಬದಲಾದರೆ ಒಂದನ್ನು ಮಾತ್ರ ಬದಲಿಸಿದರೆ ಸಾಕು. ಊಟವಾದ ಮೇಲೆ ತಾಣ ಹೇಳಿ ಹೆಸರನ್ನೂ, ಹೆಸರು ಹೇಳಿ ತಾಣವನ್ನೂ ಕೇಳಬೇಕು. ಒಂದೇ ದಿಕ್ಕಿನಲ್ಲಿ ಕಲಿತ ಮಗು ಆಟದ ಗಡಿಬಿಡಿಯಲ್ಲಿ ತಡವರಿಸುತ್ತದೆ.

ಆಟದಲ್ಲಿ ಹೆಸರನ್ನು ಒಂಟಿಯಾಗಿ ಉಸುರುವುದಕ್ಕಿಂತ ‘ಅಜ್ಜಿ ಒಬ್ಬಟ್ಟು ಮಾಡ್ತಾರಂತೆ’ ಎಂದು ವಾಕ್ಯದೊಳಗೆ ಸೇರಿಸುವುದು ಜಾಣತನ; ಅಜ್ಜಿಯೇ ಅದನ್ನು ಕೇಳಿಸಿಕೊಂಡರೆ ಮುಂದಿನದಕ್ಕೆ ಮಕ್ಕಳೇ ಹೊಣೆ. ಹೆಸರು ಕಿವಿಗೆ ಬಿದ್ದೊಡನೆ ಅತ್ತ ಓಡಬಾರದು, ಎದುರು ತಂಡದವರು ಹೆಸರನ್ನು ಬಿಡಿಸುವುದು ಹೆಚ್ಚಾಗಿ ಓಟದ ದಿಕ್ಕನ್ನು ನೋಡಿಯೇ. ಗುಟ್ಟು ಬಯಲಾದರೆ ಇದೇ ನಾಲ್ಕು ಹೆಸರುಗಳನ್ನು ಬೇರೆ ತಾಣಗಳಿಗೆ ಹಂಚುವುದು ಬೇಡ, ಹಳೆಯ ನಂಟು ಮಕ್ಕಳ ತಲೆಯಲ್ಲಿ ಉಳಿದಿದ್ದು ಅವರೇ ಗೊಂದಲಕ್ಕೆ ಬೀಳುತ್ತಾರೆ. ಮುಂದಿನ ಸುತ್ತಿಗೆ ತಿಂಡಿಗಳನ್ನು ಬಿಟ್ಟು, ಹಕ್ಕಿಗಳನ್ನೋ ಅಡುಗೆಮನೆಯ ಪಾತ್ರೆಗಳನ್ನೋ ಹಿಡಿದು ಹೊಸ ಪಟ್ಟಿ ಮಾಡಿಕೊಳ್ಳಬೇಕು.